ರೋಟಾವೇಟರ್ ಡೆಮೊಗೆ ಕರೆಯುವ ನಾಲ್ಕು ಸಾಲಿನಲ್ಲಿ ಏನಿರಬೇಕು?

ಪ್ರಶ್ನೆ: ಸರ್, ನಾನು ಪುಣೆ ಜಿಲ್ಲೆಯ ಇಂದಾಪುರದ ಹತ್ತಿರ ಒಬ್ಬ ಕೃಷಿ ಯಂತ್ರಗಳ ಡೀಲರ್ ಕಡೆ ಸೇಲ್ಸ್ ಕೆಲಸದಲ್ಲಿದ್ದೇನೆ. ಊರು ಇಂಡಿ ತಾಲ್ಲೂಕು. ಮುಂದಿನ ಭಾನುವಾರ ಕಬ್ಬು ತೆಗೆದ ಹೊಲದಲ್ಲಿ ಐದು ಅಡಿ ರೋಟಾವೇಟರ್ ಡೆಮೊ ಇದೆ. ಮರಾಠಿ ಪೋಸ್ಟರ್ ಆಗಿದೆ. ಕಬ್ಬಿನ ಟ್ರಾಲಿ ಹೊಡೆಯೋ ನಮ್ಮ ಕಡೆ ಡ್ರೈವರ್‌ಗಳು, ಇಲ್ಲೇ ಹೊಲ ಮಾಡಿಕೊಂಡಿರೋ ಕನ್ನಡದವರು ಬಹಳ ಜನ ಇದ್ದಾರೆ, ಹಾಗಾಗಿ ವಾಟ್ಸಾಪ್‌ಗೆ ಕನ್ನಡದಲ್ಲೂ ಬರಿ ಅಂದಿದ್ದಾರೆ ನಮ್ಮ ಶೇಟ್. ನಾನು ಬರೆದದ್ದು ಇದು: "ಭರ್ಜರಿ ಡೆಮೊ! ಯಾವ ನೆಲವಾದರೂ ಒಂದೇ ಸುತ್ತಿಗೆ ಹಿಟ್ಟು! ಗಂಟೆಗೆ 3 ಎಕರೆ! ಅರ್ಧ ಸಬ್ಸಿಡಿ ಗ್ಯಾರಂಟಿ! ಮಕ್ಕಳು ಮರಿ ಸಮೇತ ಬನ್ನಿ, ನಿಮ್ಮ ಟ್ರಾಕ್ಟರ್ ತನ್ನಿ, ನೀವೇ ಹೊಡೆದು ನೋಡಿ!" ಸುರಕ್ಷತೆ ಬಗ್ಗೆ ಎರಡು ಮಾತು ಹಾಕೋಣ ಅಂದ್ರೆ, ಅಪಾಯ ಅಂತ ಬರೆದ್ರೆ ಗಿರಾಕಿ ಹೆದರಿ ಬರೋದೇ ಇಲ್ಲ ಅಂತಾರೆ. ಏನು ಬರೆಯಲಿ, ಎಷ್ಟು ಬರೆಯಲಿ?

ಉತ್ತರ: ನಿಮ್ಮ ಶೇಟ್ ಮಾತಿನಲ್ಲಿ ಅರ್ಧ ನಿಜ ಇದೆ. "ಎಚ್ಚರಿಕೆ! ಅಪಾಯ!" ಅಂತ ಕೆಂಪು ಅಕ್ಷರದಲ್ಲಿ ಬರೆದರೆ ಯಾರೂ ಓದುವುದಿಲ್ಲ. ಓದಿದವರಿಗೂ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ಆದರೆ "ಟವೆಲ್ ಹೆಗಲ ಮೇಲೆ ಹಾಕಿಕೊಂಡು ಬರಬೇಡಿ" ಅಂತ ಬರೆದರೆ ಯಾವ ರೈತನೂ ಹೆದರುವುದಿಲ್ಲ. ಅದು ಮನೆ ಬಿಡುವ ಮುಂಚೆ ಅವನು ಮಾಡಬಹುದಾದ ಕೆಲಸ. ನಾನು ಪುಣೆ ಜಿಲ್ಲೆಯಲ್ಲಿ ಟ್ರಾಕ್ಟರ್ ಸರ್ವಿಸ್ ಕಡೆ ಇದ್ದವನು, ಡೆಮೊ ಹೊಲಗಳಲ್ಲಿ ಬಹಳ ನಿಂತಿದ್ದೇನೆ. ಸುರಕ್ಷತೆಯ ಮಾತು ಓದಿ ವಾಪಸ್ ಹೋದ ಗಿರಾಕಿಯನ್ನು ನಾನು ನೋಡಿಲ್ಲ. ಪೋಸ್ಟರ್‌ನಲ್ಲಿ ಒಂದು ಹೇಳಿ ಹೊಲದಲ್ಲಿ ಇನ್ನೊಂದು ಕಂಡಾಗ ಎದ್ದು ಹೋದವರನ್ನು ಬೇಕಾದಷ್ಟು ನೋಡಿದ್ದೇನೆ.

ಹಾಗಾಗಿ ಮೊದಲು ನಿಮ್ಮ ಬರಹದಲ್ಲಿ ಯಾವ ಮಾತು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ನೋಡೋಣ. ಬಳಕೆಯ ಮಾತು, ಸುರಕ್ಷತೆಯ ಮಾತು ಎರಡೂ ಅದರೊಳಗೇ ಇವೆ.

"ಗಂಟೆಗೆ 3 ಎಕರೆ" ಇಂದ ಶುರು ಮಾಡೋಣ, ಯಾಕಂದ್ರೆ ಇದನ್ನು ಕಾಗದದ ಮೇಲೇ ಪರೀಕ್ಷೆ ಮಾಡಬಹುದು. ಐದು ಅಡಿ ಅಂದರೆ ಒಂದೂವರೆ ಮೀಟರ್ ಅಗಲ. ಮೂರು ಎಕರೆ ಅಂದರೆ ಸುಮಾರು 12,000 ಚದರ ಮೀಟರ್. ಒಂದು ಗಂಟೆಯಲ್ಲಿ ಅಷ್ಟು ಮುಗಿಸಬೇಕಾದರೆ ಟ್ರಾಕ್ಟರ್ ಎಲ್ಲೂ ನಿಲ್ಲದೆ, ಎಲ್ಲೂ ತಿರುಗದೆ 8 ಕಿಲೋಮೀಟರ್ ವೇಗದಲ್ಲಿ ಓಡಬೇಕು. ಕಪ್ಪು ಮಣ್ಣಿನ ಎರಿ ಹೊಲದಲ್ಲಿ ರೋಟಾವೇಟರ್ ಹಾಕಿಕೊಂಡು ಯಾರೂ ಹಾಗೆ ಓಡಿಸುವುದಿಲ್ಲ. ಓಡಿಸಿದರೂ ಆಗುವುದು ಇಷ್ಟು. ಬ್ಲೇಡ್ ಕೂರಿಸಿದ ರೋಟರ್ ಸಾಮಾನ್ಯವಾಗಿ ನಿಮಿಷಕ್ಕೆ 200 ಸುತ್ತಿನ ಆಸುಪಾಸು ತಿರುಗುತ್ತದೆ. ಬ್ಲೇಡ್ ಬಿಗಿಯುವ ಬಿಲ್ಲೆ, ಅಂದರೆ ಒಂದೊಂದು ಫ್ಲಾಂಜ್‌ನ ಒಂದು ಮಗ್ಗುಲಿಗೆ ಮೂರು ಬ್ಲೇಡ್ ಇವೆ ಅಂತ ಇಟ್ಟುಕೊಳ್ಳಿ. ಟ್ರಾಕ್ಟರ್ 3 ಕಿಲೋಮೀಟರ್ ವೇಗದಲ್ಲಿ ಹೋದರೆ ಒಂದು ಬ್ಲೇಡ್ ಕಡಿದ ಮೇಲೆ ಮುಂದಿನ ಬ್ಲೇಡ್ ಸುಮಾರು 8 ಸೆಂಟಿಮೀಟರ್ ಮುಂದೆ ಕಡಿಯುತ್ತದೆ. ಅದೇ 8 ಕಿಲೋಮೀಟರ್‌ನಲ್ಲಿ ಹೋದರೆ 22 ಸೆಂಟಿಮೀಟರ್ ಮುಂದೆ. ಅಂದರೆ ಒಂದು ಗೇಣು ದಪ್ಪದ ಹೆಂಟೆ. ಅದನ್ನು ನೋಡಿದ ರೈತ ಯಂತ್ರ ಸರಿ ಇಲ್ಲ ಅನ್ನುತ್ತಾನೆ. ತಪ್ಪು ಯಂತ್ರದ್ದಲ್ಲ, ಗೇರಿನದ್ದು.

3 ಕಿಲೋಮೀಟರ್ ವೇಗದಲ್ಲಿ ಲೆಕ್ಕ ಹಾಕಿದರೆ ಗಂಟೆಗೆ ಒಂದು ಎಕರೆಗಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಬದುವಿನ ತಿರುವು, ಪಟ್ಟಿ ಮೇಲೆ ಪಟ್ಟಿ ಬೀಳುವುದು ಎಲ್ಲ ಕಳೆದರೆ ಮುಕ್ಕಾಲರಿಂದ ಒಂದು ಎಕರೆ. ಅದನ್ನೇ ಬರೆಯಿರಿ. ಬಾಡಿಗೆಗೆ ರೋಟಾವೇಟರ್ ಹೊಡೆಯುವ ಡ್ರೈವರ್‌ಗಳು ನಿಮ್ಮ ಬರಹ ಓದುವವರಲ್ಲಿ ಜಾಸ್ತಿ ಇದ್ದಾರೆ. ಅವರಿಗೆ ಈ ಲೆಕ್ಕ ಬಾಯಿಪಾಠ. ಮೂರು ಎಕರೆ ಅಂದ ತಕ್ಷಣ ಮುಂದಿನ ಸಾಲು ಓದುವುದನ್ನೇ ಬಿಡುತ್ತಾರೆ.

ಇನ್ನು "ಯಾವ ನೆಲವಾದರೂ ಹಿಟ್ಟು". ಇದರಲ್ಲಿ ಎರಡು ತಪ್ಪು ಕಲ್ಪನೆ ಇವೆ. ಎರಡೂ ಬಹಳ ಹಳೆಯವು.

ಮೊದಲನೆಯದು ಯಾವ ನೆಲವಾದರೂ ಅನ್ನೋದು. ಭೀಮಾ ದಂಡೆಯ ಎರಿ ಮಣ್ಣಿಗೆ ಹದ ಸಿಗುವ ದಿನಗಳು ಕಡಿಮೆ. ಹಸಿ ಜಾಸ್ತಿ ಇದ್ದರೆ ಮಣ್ಣು ಬ್ಲೇಡಿಗೆ ಅಂಟುತ್ತದೆ, ರೋಟರ್ ಉರುಳೆಯಂತೆ ಆಗುತ್ತದೆ. ಕೆಳಗಿನ ಮಣ್ಣನ್ನು ಬ್ಲೇಡ್ ಕಡಿಯುವ ಬದಲು ಸವರಿ ಹೋಗುತ್ತದೆ. ಮೇಲೆ ನೋಡಿದರೆ ಹೊಲ ಚೆನ್ನಾಗಿ ಕಾಣುತ್ತದೆ. ಐದು ಇಂಚು ಕೆಳಗೆ ಮಾತ್ರ ಗಿಲಾವ್ ಮಾಡಿದ ನೆಲದ ಹಾಗೆ ನುಣುಪಾದ ಪದರ ಕೂತಿರುತ್ತದೆ. ನೀರು ಇಳಿಯುವುದಿಲ್ಲ, ಬೇರು ಇಳಿಯುವುದಿಲ್ಲ. ತೀರಾ ಒಣಗಿದ್ದರೆ ಇನ್ನೊಂದು ಕಷ್ಟ. ಬ್ಲೇಡ್ ನೆಲದೊಳಗೆ ಇಳಿಯದೆ ಮೇಲೇ ಕುಣಿಯುತ್ತದೆ, ಟ್ರಾಕ್ಟರನ್ನು ಹಿಂದಿನಿಂದ ಮುಂದಕ್ಕೆ ನೂಕುತ್ತದೆ. ಆಗ ಡ್ರೈವರ್ ಮಾಡುವ ಕೆಲಸ ಒಂದೇ: ಯಾರಾದರೂ ಹುಡುಗನನ್ನು ಕರೆದು ರೋಟಾವೇಟರ್ ಮೇಲೆ ನಿಲ್ಲಿಸುವುದು. ಭಾರ ಬಿದ್ದರೆ ಇಳಿಯುತ್ತದೆ ಅಂತ. ಆ ಹುಡುಗನ ಕಾಲಿಗೂ ಬ್ಲೇಡಿಗೂ ನಡುವೆ ಇರುವುದು ಒಂದು ತಗಡು. ನೆಲಕ್ಕೆ ಹದ ಇಲ್ಲದಿದ್ದರೆ ಅವತ್ತು ಹೊಡೆಯಬಾರದು, ಅಷ್ಟೇ. ಅದಕ್ಕೆ ಬೇರೆ ಉಪಾಯ ಇಲ್ಲ.

ಹದ ನೋಡುವುದು ಕಷ್ಟವೇನಲ್ಲ. ಮೇಲಿನ ಮಣ್ಣು ಬಿಟ್ಟು ನಾಲ್ಕೈದು ಇಂಚು ಕೆಳಗಿನಿಂದ ಒಂದು ಹಿಡಿ ತೆಗೆಯಿರಿ. ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಿ. ಸೊಂಟದ ಎತ್ತರದಿಂದ ಕೆಳಗೆ ಬಿಡಿ. ಬಿದ್ದು ಪುಡಿಪುಡಿಯಾದರೆ ಹದ ಇದೆ. ಚಪ್ಪಟೆಯಾಗಿ ಅಂಟಿಕೊಂಡರೆ ಹಸಿ ಜಾಸ್ತಿ, ಇನ್ನೆರಡು ಮೂರು ದಿನ ತಡೆದು ಮತ್ತೆ ನೋಡಿ. ಉಂಡೆಯೇ ಆಗದೆ ಗಟ್ಟಿ ತುಂಡುಗಳು ಕೈಗೆ ಚುಚ್ಚಿದರೆ ಒಣಗಿದೆ. ನಿಮ್ಮ ಡೆಮೊ ಹೊಲದಲ್ಲಿ ಇದನ್ನು ಗುರುವಾರ ಒಂದು ಸಲ, ಶನಿವಾರ ಒಂದು ಸಲ ಮಾಡಿ. ಒಂದೇ ಕಡೆ ಅಲ್ಲ, ಹೊಲದ ನಾಲ್ಕಾರು ಕಡೆ. ನೀರು ಬಿಡುವ ಬಾಯಿಯ ಹತ್ತಿರ ಯಾವಾಗಲೂ ಹಸಿ ಜಾಸ್ತಿ ಇರುತ್ತದೆ, ಅಲ್ಲಿಂದ ಶುರು ಮಾಡಬೇಡಿ.

ಎರಡನೆಯದು ಹಿಟ್ಟು ಆದಷ್ಟೂ ಒಳ್ಳೆಯದು ಅನ್ನೋದು. ಕಣ್ಣಿಗೆ ಚೆಂದ, ನಿಜ. ಆದರೆ ಎರಿ ಮಣ್ಣನ್ನು ಹಿಟ್ಟು ಮಾಡಿದರೆ ಮೊದಲ ಮಳೆಗೋ ಮೊದಲ ನೀರಿಗೋ ಮೇಲ್ಮೈ ಮುಚ್ಚಿಕೊಂಡು ಹೆಪ್ಪು ಕಟ್ಟುತ್ತದೆ. ಉಳ್ಳಾಗಡ್ಡಿ, ಸೋಯಾ ಮೊಳಕೆ ಅದನ್ನು ಒಡೆದು ಮೇಲೆ ಬರಲು ಒದ್ದಾಡುತ್ತದೆ. ಕಬ್ಬು ನೆಡುವ ಹೊಲಕ್ಕಂತೂ ಹಿಟ್ಟಿನ ಅಗತ್ಯವೇ ಇಲ್ಲ. ಅದಕ್ಕೆ ಬೇಕಿರುವುದು ಆಳದ ಸಡಿಲ. ರೋಟಾವೇಟರ್ ಕೆಲಸ ಮಾಡುವುದು ನಾಲ್ಕರಿಂದ ಆರು ಇಂಚು ಮಾತ್ರ. ಪಲ್ಟಿ ನೇಗಿಲು ಹೊಡೆದು, ಹೆಂಟೆ ಬಿಸಿಲಿಗೆ ಕಾದು, ಆಮೇಲೆ ಒಂದು ಸಲ ರೋಟಾವೇಟರ್ ಹೊಡೆದರೆ ಅದರ ಬೆಲೆ ಗೊತ್ತಾಗುತ್ತದೆ. ವರ್ಷ ವರ್ಷ ಬರೀ ರೋಟಾವೇಟರ್ ಹೊಡೆದರೆ ಕೆಳಗೆ ಗಟ್ಟಿ ಪದರ ಕೂರುತ್ತದೆ. ಇದನ್ನು ಡೆಮೊದಲ್ಲಿ ಬಾಯಿಬಿಟ್ಟು ಹೇಳಿ. ಯಂತ್ರ ಮಾರುವವನೇ "ಇದೊಂದರಿಂದ ಎಲ್ಲ ಆಗೋದಿಲ್ಲ" ಅಂದರೆ ಅವನ ಉಳಿದ ಮಾತಿಗೂ ಬೆಲೆ ಬರುತ್ತದೆ.

ಕಬ್ಬು ತೆಗೆದ ಹೊಲ ಅಂದಿದ್ದೀರಿ. ಕಡಿದ ಬುಡಗಳು ಹಾಗೇ ಇವೆಯಾ? ಇದ್ದರೆ ಅಲ್ಲಿ ನೇರ ರೋಟಾವೇಟರ್ ಹಾಕಬೇಡಿ. ಹಸಿ ಬುಡಕ್ಕೆ ಬ್ಲೇಡ್ ಬಡಿದು ಗೇರ್‌ಬಾಕ್ಸ್ ತನಕ ಜರ್ಕ್ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಕಬ್ಬಿನ ಒಣ ಗರಿ, ಅಂದರೆ ರವದಿ, ರೋಟರ್‌ಗೆ ಸುತ್ತಿಕೊಳ್ಳುತ್ತದೆ. ಸುತ್ತಿಕೊಂಡ ರವದಿಯನ್ನು ಯಾರೋ ಒಬ್ಬರು ಕೈ ಹಾಕಿ ಬಿಡಿಸಬೇಕಾಗುತ್ತದೆ. ಅವಘಡಕ್ಕೆ ದಾರಿ ಆಗುವುದು ಆ ಗಳಿಗೆಯಲ್ಲೇ. ಇಂಜಿನ್ ಚಾಲೂ ಇಟ್ಟು, ಟ್ರಾಕ್ಟರ್ ಇಂಜಿನ್ನಿನ ಬಲವನ್ನು ರೋಟಾವೇಟರ್‌ಗೆ ಕೊಡುವ ಪಿಟಿಒ ಲಿವರ್ ಮಾತ್ರ ಬಿಡಿಸಿ, "ಬೇಗ ತೆಗಿ" ಅಂತಾರೆ. ಇನ್ನೊಬ್ಬರ ಕೈ ಲಿವರ್‌ಗೆ ತಗುಲಿದರೆ ಸಾಕು. ನೇಗಿಲು ಹೊಡೆದು ಬುಡ ಆರಿಸಿದ ಹೊಲವನ್ನೇ ಡೆಮೊಗೆ ಕೇಳಿ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರೋಣ. ಡೆಮೊದಲ್ಲಿ ಅಪಾಯ ಎಲ್ಲಿದೆ ಅಂದರೆ ಎಲ್ಲರೂ ಬ್ಲೇಡ್ ತೋರಿಸುತ್ತಾರೆ. ಬ್ಲೇಡ್ ಕಣ್ಣಿಗೆ ಕಾಣುತ್ತದೆ, ಜನ ತಾವಾಗಿಯೇ ದೂರ ಇರುತ್ತಾರೆ. ನನಗೆ ಹೆಚ್ಚು ಭಯ ಟ್ರಾಕ್ಟರ್‌ಗೂ ರೋಟಾವೇಟರ್‌ಗೂ ನಡುವೆ ಇರುವ ಪಿಟಿಒ ಶಾಫ್ಟ್‌ನದು. ಅದಕ್ಕೆ ಹರಿತ ಇಲ್ಲ, ನೋಡಲು ಸುಮ್ನೆ ಒಂದು ಪೈಪ್. ಹಾಗಾಗಿ ಜನ ಅದರ ಮೇಲೆ ದಾಟುತ್ತಾರೆ, ಅದರ ಪಕ್ಕ ಬಾಗಿ ನೋಡುತ್ತಾರೆ.

540 ಅಂತ ಪೋಸ್ಟರ್‌ಗಳಲ್ಲಿ ಹಾಕುತ್ತೀರಲ್ಲ, ಅದು ನಿಮಿಷಕ್ಕೆ ತಿರುಗುವ ಸುತ್ತು. ಸೆಕೆಂಡಿಗೆ ಒಂಬತ್ತು. ಮೂರು ಇಂಚು ದಪ್ಪದ ಶಾಫ್ಟ್ ಆ ವೇಗದಲ್ಲಿ ಒಂದು ಸೆಕೆಂಡಿನಲ್ಲಿ ಎರಡು ಮೀಟರ್ ಬಟ್ಟೆ ಸುತ್ತಿಕೊಳ್ಳುತ್ತದೆ. ಒಂದು ಟವೆಲ್ ಪೂರ್ತಿ ಒಳಗೆ ಹೋಗಲು ಒಂದು ಸೆಕೆಂಡ್ ಕೂಡ ಬೇಡ. ಕೂಗಿ, ಡ್ರೈವರ್‌ಗೆ ಕೇಳಿ, ಅವನು ಕ್ಲಚ್ ಒತ್ತುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. "ಕೈಯಲ್ಲಿ ಹಿಡಿದು ಎಳೆದುಕೊಳ್ತೀನಿ" ಅನ್ನೋರಿದ್ದಾರೆ. ನಲವತ್ತು ಎಚ್‌ಪಿ ಎಳೆತದ ಎದುರು ಮನುಷ್ಯನ ಕೈಗೆ ಏನು ಬಲ ಇದೆ?

ಒಂದು ಡೆಮೊದಲ್ಲಿ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಶಾಫ್ಟ್ ಮೇಲಿನ ಪ್ಲಾಸ್ಟಿಕ್ ಕವಚ ತೆಗೆದಿಟ್ಟಿದ್ದರು, ಗ್ರೀಸ್ ಹಾಕಲು ಅಡ್ಡ ಬರುತ್ತದೆ ಅಂತ. ಟ್ರಾಕ್ಟರ್ ನಿಂತಿತ್ತು, ರೋಟರ್ ಮೇಲೆತ್ತಿ ತಿರುಗಿಸಿ ತೋರಿಸುತ್ತಿದ್ದರು. ವಯಸ್ಸಾದ ಒಬ್ಬ ರೈತರು ಗೇರ್‌ಬಾಕ್ಸ್ ನೋಡಲು ಬಗ್ಗಿದರು. ಹೆಗಲ ಟವೆಲ್‌ನ ಒಂದು ತುದಿ ಜಾರಿತು. ಸದ್ದೇ ಆಗಲಿಲ್ಲ. ಟವೆಲ್ ಹೋಯಿತು, ಅವರು ಮಂಡಿಯೂರಿ ಬಿದ್ದರು. ಕುತ್ತಿಗೆಗೆ ಸುತ್ತಿಕೊಂಡಿರಲಿಲ್ಲ, ಹೆಗಲ ಮೇಲೆ ಸುಮ್ನೆ ಹಾಕಿಕೊಂಡಿದ್ದರು, ಅದಕ್ಕೇ ಉಳಿದರು. ಇಂಜಿನ್ ಬಂದ್ ಮಾಡಿ ನೋಡಿದರೆ ಟವೆಲ್ ಹಗ್ಗದ ಹಾಗೆ ಹುರಿಗೊಂಡು ಜಾಯಿಂಟ್‌ನ ಬೋಲ್ಟ್‌ಗೆ ಬಿಗಿದುಕೊಂಡಿತ್ತು. ಕುಡುಗೋಲಿನಿಂದ ಕೊಯ್ದು ತೆಗೆಯಬೇಕಾಯಿತು. ಕವಚ ಇದ್ದಿದ್ದರೆ ಟವೆಲ್ ಅದರ ಮೇಲೆ ಬಿದ್ದು ಜಾರಿ ಹೋಗುತ್ತಿತ್ತು.

ಕವಚದ ವಿಷಯ ಬಹಳ ಜನರಿಗೆ ಸರಿಯಾಗಿ ತಿಳಿದಿಲ್ಲ. ಅದು ಶೋರೂಮ್ ಅಲಂಕಾರ ಅಂತ ತಿಳಿದು ಮೊದಲ ವಾರದಲ್ಲೇ ಕಿತ್ತು ಹಾಕುತ್ತಾರೆ. ಒಳಗೆ ಶಾಫ್ಟ್ ತಿರುಗುತ್ತಿರುವಾಗ ಹೊರಗಿನ ಕವಚ ನಿಂತಿರಬೇಕು. ಅದಕ್ಕೇ ಎರಡೂ ತುದಿಯಲ್ಲಿ ಸಣ್ಣ ಸರಪಳಿ ಕೊಟ್ಟಿರುತ್ತಾರೆ. ಆ ಸರಪಳಿಯನ್ನು ಅಲುಗಾಡದ ಜಾಗಕ್ಕೆ ಸಿಕ್ಕಿಸಬೇಕು. ಸಿಕ್ಕಿಸದಿದ್ದರೆ ಕವಚವೂ ಶಾಫ್ಟ್ ಜೊತೆ ತಿರುಗುತ್ತದೆ, ಇದ್ದೂ ಪ್ರಯೋಜನ ಇಲ್ಲ. ಇಂಜಿನ್ ಬಂದ್ ಇರುವಾಗ, ಸರಪಳಿ ಬಿಡಿಸಿ, ಕೈಯಿಂದ ಕವಚ ತಿರುಗಿಸಿ ನೋಡಿ. ಶಾಫ್ಟ್ ಮೇಲೆ ಸಲೀಸಾಗಿ ತಿರುಗಬೇಕು. ಮಣ್ಣು ತುಂಬಿ ಅಥವಾ ಒಡೆದು ಹಿಡಿದುಕೊಂಡಿದ್ದರೆ ಡೆಮೊಗೆ ಮುಂಚೆ ಬದಲಾಯಿಸಿ. ಟ್ರಾಕ್ಟರ್ ಕಡೆ ಪಿಟಿಒ ಮೇಲಿನ ಕಬ್ಬಿಣದ ಮುಚ್ಚಳವೂ ಇರಬೇಕು. ಭಾನುವಾರ ನಿಮ್ಮ ಯಂತ್ರಕ್ಕೆ ಕವಚ ಇಲ್ಲ ಅಂದರೆ ಡೆಮೊ ಮುಂದಕ್ಕೆ ಹಾಕಿ ಅಂತಲೇ ನಾನು ಹೇಳುವುದು. ಕವಚ ಇಲ್ಲದ ಯಂತ್ರ ನೋಡಿ ಹೋದವನು ಮನೆಗೆ ಹೋಗಿ ತನ್ನದನ್ನೂ ಕಿತ್ತು ಹಾಕುತ್ತಾನೆ. ಡೀಲರೇ ಹಾಗೆ ಓಡಿಸ್ತಾರೆ ಅಂತ ಅವನಿಗೆ ನೆಪ ಸಿಕ್ಕಿರುತ್ತದೆ.

"ನಿಮ್ಮ ಟ್ರಾಕ್ಟರ್ ತನ್ನಿ" ಅನ್ನುವ ಸಾಲನ್ನು ದಯವಿಟ್ಟು ತೆಗೆಯಿರಿ. ಇದು ಕೇಳಲು ಚೆನ್ನಾಗಿದೆ, ಆದರೆ ಸರ್ವಿಸ್ ಕಡೆಯವರನ್ನು ಕೇಳಿದರೆ ಬೇಡ ಅಂತಲೇ ಹೇಳುತ್ತಾರೆ. ಪಿಟಿಒ ಶಾಫ್ಟ್‌ನ ಉದ್ದ ಒಂದೊಂದು ಟ್ರಾಕ್ಟರ್‌ಗೆ ಒಂದೊಂದು ಥರ ಬೇಕು. ಉದ್ದ ಜಾಸ್ತಿಯಾದರೆ ರೋಟಾವೇಟರ್ ಎತ್ತುವಾಗಲೋ ಇಳಿಸುವಾಗಲೋ ಶಾಫ್ಟ್‌ನ ಒಳಗಿನ ಭಾಗ ತಳಕ್ಕೆ ತಾಗಿ ಎರಡೂ ಕಡೆಯ ಬೇರಿಂಗ್‌ಗೆ ಒದೆಯುತ್ತದೆ. ಕಡಿಮೆಯಾದರೆ ಎರಡು ಭಾಗ ಬೇರೆಯಾಗಿ, ತಿರುಗುತ್ತಿರುವ ಅರ್ಧ ಶಾಫ್ಟ್ ಗಾಳಿಯಲ್ಲಿ ಬೀಸುತ್ತದೆ. ಅಷ್ಟು ಜನರ ನಡುವೆ, ಮುಂದಿನವನು ತನ್ನ ಸರದಿಗೆ ಕಾಯುತ್ತಿರುವಾಗ, ಯಾರು ಅಳತೆ ನೋಡುತ್ತಾರೆ? ಲಾಕ್ ಪಿನ್ ಸರಿಯಾಗಿ ಕೂತಿದೆಯಾ ಅಂತ ಎಳೆದು ನೋಡುವಷ್ಟು ವ್ಯವಧಾನವೂ ಇರುವುದಿಲ್ಲ. ಒಂದೇ ಟ್ರಾಕ್ಟರ್, ಒಂದೇ ರೋಟಾವೇಟರ್, ಶನಿವಾರವೇ ಜೋಡಿಸಿ ಓಡಿಸಿ ನೋಡಿದ್ದು. ಅಷ್ಟೇ ಇರಲಿ.

ರೈತ ತರಬೇಕಾದದ್ದು ಅವನ ಟ್ರಾಕ್ಟರ್‌ನ ಎಚ್‌ಪಿ ಮತ್ತು ಅವನ ಹೊಲದ ಒಂದು ಹಿಡಿ ಮಣ್ಣು. ಎಚ್‌ಪಿ ಯಾಕೆ ಅಂದರೆ, ಐದು ಅಡಿ ರೋಟಾವೇಟರ್‌ಗೆ ಸಾಮಾನ್ಯವಾಗಿ 40ರಿಂದ 45 ಎಚ್‌ಪಿ ಟ್ರಾಕ್ಟರ್ ಹೊಂದುತ್ತದೆ. ಬಾನೆಟ್ ಮೇಲೆ ಬರೆದ ಎಚ್‌ಪಿ ಪೂರ್ತಿ ಪಿಟಿಒಗೆ ಬರುವುದಿಲ್ಲ, ಒಂದಷ್ಟು ದಾರಿಯಲ್ಲೇ ಹೋಗುತ್ತದೆ. 35 ಎಚ್‌ಪಿ ಟ್ರಾಕ್ಟರ್ ಇರುವವನು ಎರಿ ಹೊಲಕ್ಕೆ ಐದು ಅಡಿ ಕೊಂಡರೆ ಇಂಜಿನ್ ಅರಚುತ್ತದೆ, ಆಳ ಸಿಗುವುದಿಲ್ಲ. ಅವನಿಗೆ ನಾಲ್ಕು ಅಡಿಯದ್ದೇ ಸರಿ ಅಂತ ಅಲ್ಲೇ ಹೇಳಿಬಿಡಿ. ಮಣ್ಣು ತಂದರೆ ಉಂಡೆ ಮಾಡಿ ಬಿಟ್ಟು ತೋರಿಸಬಹುದು. ಅವನದೇ ಮಣ್ಣು, ಅವನದೇ ಕೈ. ಇದಕ್ಕಿಂತ ಒಳ್ಳೆ ಮಾತುಕತೆ ಡೆಮೊದಲ್ಲಿ ಬೇರೆ ಆಗುವುದಿಲ್ಲ.

"ನೀವೇ ಹೊಡೆದು ನೋಡಿ" ಅನ್ನೋದನ್ನು ಪೂರ್ತಿ ತೆಗೆಯಬೇಕಾಗಿಲ್ಲ. ಓಡಿಸಿ ನೋಡದೆ ಯಾರು ಕೊಳ್ಳುತ್ತಾರೆ, ಅಲ್ವಾ? ಆದರೆ ಟ್ರಾಕ್ಟರ್ ಲೈಸೆನ್ಸ್ ಇರುವವರು, ಕುಡಿದಿಲ್ಲದವರು, ಒಬ್ಬೊಬ್ಬರಾಗಿ. ಮಡ್‌ಗಾರ್ಡ್ ಮೇಲೆ ಇನ್ನೊಬ್ಬರು ಕೂರುವ ಹಾಗಿಲ್ಲ. ನಿಮ್ಮ ಆಪರೇಟರ್ ಕೂಡ ಮಡ್‌ಗಾರ್ಡ್ ಮೇಲೆ ಕೂತು ಕಲಿಸಬಾರದು. ಟ್ರಾಕ್ಟರ್ ನಿಂತಿರುವಾಗಲೇ ಕೆಳಗೆ ನಿಂತು ಲಿವರ್ ತೋರಿಸಿ, ಆಮೇಲೆ ಪಕ್ಕಕ್ಕೆ ದೂರ ಸರಿಯಬೇಕು. ಓಡಿಸುವವರಿಗೆ ಹೇಳಬೇಕಾದ ಕ್ರಮ ಇಷ್ಟೇ. ರೋಟಾವೇಟರ್ ನೆಲಕ್ಕೆ ತಾಗೀ ತಾಗದ ಹಾಗೆ ಇರುವಾಗ, ಇಂಜಿನ್ ನಿಧಾನ ಇರುವಾಗ ಪಿಟಿಒ ಹಾಕಿ. ಇಂಜಿನ್ ಮೀಟರ್‌ನಲ್ಲಿ 540ರ ಗುರುತು ಇರುತ್ತದೆ, ಅಲ್ಲಿಯ ತನಕ ಏರಿಸಿ. ಲೋ ಗೇರ್‌ನಲ್ಲಿ ಮುಂದೆ ಸಾಗುತ್ತಾ ಮೆಲ್ಲಗೆ ಇಳಿಸಿ. ತಿರುಗುತ್ತಿರುವ ರೋಟರನ್ನು ಗಟ್ಟಿ ನೆಲದ ಮೇಲೆ ದಬ್ಬನೆ ಬಿಟ್ಟರೆ ಟ್ರಾಕ್ಟರ್ ಮುಂದಕ್ಕೆ ಹಾರುತ್ತದೆ. ಬದುವಿನ ಹತ್ತಿರ ಬಂದಾಗ ಪಿಟಿಒ ಬಿಡಿಸಿ, ಎತ್ತಿ, ತಿರುಗಿ. ಪಿಟಿಒ ಚಾಲೂ ಇರುವಾಗಲೇ ಜಾಸ್ತಿ ಎತ್ತಿದರೆ ಶಾಫ್ಟ್‌ನ ಜಾಯಿಂಟ್ ಮಡಚಿಕೊಂಡು ಟಕಟಕ ಅಂತ ಬಡಿಯುತ್ತದೆ. ಆ ಸದ್ದು ಕೇಳಿದರೆ ಕ್ರಾಸ್ ಮುರಿಯಲು ಹತ್ತಿರ ಬಂದಿದೆ ಅಂತ ತಿಳಿಯಿರಿ. ರಿವರ್ಸ್ ಹಾಕುವ ಮುಂಚೆ ಪಿಟಿಒ ಬಂದ್ ಇರಲೇಬೇಕು.

ಮಕ್ಕಳನ್ನು ಕರೆಯುವುದು ಬೇಡ. ಹಬ್ಬದ ಊಟಕ್ಕೆ ಕರೆಯುವ ಹಾಗೆ ಬರೆದಿದ್ದೀರಿ, ನಿಮ್ಮ ಮನಸ್ಸು ಒಳ್ಳೆಯದೇ. ಆದರೆ ಟ್ರಾಕ್ಟರ್ ಸದ್ದು ಕೇಳಿದರೆ ಮಕ್ಕಳು ಹಿಂದೆ ಓಡುತ್ತಾರೆ. ರಿವರ್ಸ್ ಬರುವ ಟ್ರಾಕ್ಟರ್‌ನ ಹಿಂದೆ ಸಣ್ಣ ಮಗು ಡ್ರೈವರ್‌ಗೆ ಕಾಣುವುದೇ ಇಲ್ಲ. ಹೆಣ್ಣುಮಕ್ಕಳನ್ನು ಖಂಡಿತ ಕರೆಯಿರಿ, ಹೊಲದ ಲೆಕ್ಕ ಅವರದೂ ಹೌದು. ಸೆರಗು ಬಿಗಿದು ಕಟ್ಟಿಕೊಂಡು ಬನ್ನಿ ಅಂತ ಹೇಳಿದರೆ ಆಯಿತು.

ಹೊಲದಲ್ಲಿ ಒಂದು ವಿಷಯಕ್ಕೆ ಮುಂಚೆಯೇ ತಯಾರಾಗಿ. ಎಷ್ಟೇ ಹಗ್ಗ ಕಟ್ಟಿದರೂ ರೈತ ರೋಟಾವೇಟರ್ ಹಿಂದೆ ನಡೆದೇ ನಡೆಯುತ್ತಾನೆ. ಮಣ್ಣು ಹೇಗೆ ಬಂತು ಅಂತ ಕೈಯಲ್ಲಿ ಹಿಡಿದು ನೋಡದೆ ಅವನಿಗೆ ಸಮಾಧಾನ ಇಲ್ಲ, ಅದು ಸರಿಯೂ ಹೌದು. ಬೈದು ಓಡಿಸಿದರೆ ಪ್ರಯೋಜನ ಇಲ್ಲ. ಅವನು ನೋಡಲು ನೀವೇ ಸಮಯ ಕೊಡಿ. ನಾವು ಮಾಡುತ್ತಿದ್ದದ್ದು ಹೀಗೆ: ಮೊದಲು ಜನರನ್ನು ಹಗ್ಗದ ಆಚೆ, ಯಂತ್ರದಿಂದ ಕನಿಷ್ಠ 20 ಮೀಟರ್ ದೂರ ನಿಲ್ಲಿಸುತ್ತಿದ್ದೆವು. ಹಿಂದೆ ಯಾರೂ ಇಲ್ಲ, ಬದಿಗೆ ಮಾತ್ರ. ಕಲ್ಲು ಚಿಮ್ಮುವುದು ಹೆಚ್ಚಾಗಿ ಹಿಂದಕ್ಕೆ, ಹಿಂಬದಿಯ ತಗಡು ಮೇಲೆತ್ತಿದ್ದರಂತೂ ಇನ್ನೂ ದೂರ. ಮೂವತ್ತು ನಲವತ್ತು ಮೀಟರ್ ಹೊಡೆದು ಟ್ರಾಕ್ಟರ್ ನಿಲ್ಲಿಸಿ, ಪಿಟಿಒ ಬಿಡಿಸಿ, ರೋಟಾವೇಟರ್ ನೆಲಕ್ಕೆ ಇಳಿಸಿ, ಇಂಜಿನ್ ಬಂದ್. ಆಪರೇಟರ್ ಕೀಲಿ ತೆಗೆದು ಕೆಳಗಿಳಿದು ಕೈ ಎತ್ತಿ ತೋರಿಸುತ್ತಿದ್ದ. ಕೀಲಿ ಕಂಡ ಮೇಲೇ ಹಗ್ಗ ಬಿಚ್ಚುವುದು. ಆಮೇಲೆ ಎಷ್ಟು ಹೊತ್ತು ಬೇಕಾದರೂ ನೋಡಲಿ.

ಆಗ ಒಂದು ಸಲಿಕೆ ತಂದು ಹೊಡೆದ ಪಟ್ಟಿಯ ಅಡ್ಡಕ್ಕೆ ಸಡಿಲ ಮಣ್ಣೆಲ್ಲ ತೆಗೆಯಿರಿ. ಗಟ್ಟಿ ನೆಲ ಸಿಕ್ಕಲ್ಲಿ ಅಳತೆಪಟ್ಟಿ ಇಡಿ. ನಡುವೆ ಐದು ಇಂಚು, ಎರಡೂ ಅಂಚಲ್ಲಿ ಐದು ಇಂಚು ಬಂದರೆ ಯಂತ್ರ ಸಮ ಇದೆ. ಒಂದು ಕಡೆ ಐದು, ಇನ್ನೊಂದು ಕಡೆ ಮೂರು ಬಂದರೆ ಲಿಫ್ಟ್ ಆರ್ಮ್ ಅಥವಾ ಪಕ್ಕದ ಸ್ಕಿಡ್ ಏರುಪೇರಾಗಿದೆ. ಕೆಳಗಿನ ನೆಲ ಹೊಳೆಯುತ್ತಿದ್ದರೆ ಹಸಿ ಜಾಸ್ತಿ ಇತ್ತು ಅಂತ ಅರ್ಥ. ರೈತರ ಎದುರಿಗೇ ಇದನ್ನು ಮಾಡಿ. ಎರಡನೇ ಪಟ್ಟಿಯನ್ನು ಒಂದು ಗೇರ್ ಮೇಲೆ ಹಾಕಿ ಹೊಡೆದು, ಮತ್ತೆ ನಿಲ್ಲಿಸಿ, ಪಕ್ಕಪಕ್ಕದಲ್ಲಿ ಹೆಂಟೆಯ ಗಾತ್ರ ತೋರಿಸಿ. ಯಾವ ಬೆಳೆಗೆ ಯಾವ ಗೇರ್ ಅಂತ ಅವರೇ ಹೇಳುತ್ತಾರೆ.

ಬ್ಲೇಡ್ ಬದಲಿಸುವುದು ತೋರಿಸಿ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಬರೀ ಹೈಡ್ರಾಲಿಕ್ ಮೇಲೆ ಎತ್ತಿ ನಿಲ್ಲಿಸಿ ಕೆಳಗೆ ಕೈ ಹಾಕಬೇಡಿ. ಲಿವರ್ ತಾಗಿದರೆ, ಪೈಪ್ ಸೋರಿದರೆ ಮುನ್ನೂರು ನಾನೂರು ಕಿಲೋ ಭಾರ ಕೆಳಗೆ ಬರುತ್ತದೆ. ಎರಡೂ ಪಕ್ಕ ಗಟ್ಟಿ ಮರದ ದಿಮ್ಮಿ ಕೊಟ್ಟು, ಇಂಜಿನ್ ಬಂದ್ ಮಾಡಿ, ಕೀಲಿ ಜೇಬಿಗೆ ಹಾಕಿಕೊಂಡ ಮೇಲೆ.

ಸಬ್ಸಿಡಿ ಬಗ್ಗೆ ಸಣ್ಣ ಮಾತು. ಗ್ಯಾರಂಟಿ ಅಂತ ಬರೆಯಬೇಡಿ. ಕೇಂದ್ರದ ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಣ್ಣ, ಅತಿ ಸಣ್ಣ ರೈತರು, ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರಿಗೆ ಸಾಮಾನ್ಯವಾಗಿ ಶೇ. 50, ಉಳಿದವರಿಗೆ ಶೇ. 40, ಅದಕ್ಕೂ ಒಂದು ಗರಿಷ್ಠ ಮಿತಿ ಇದೆ. ಮಹಾರಾಷ್ಟ್ರದಲ್ಲಿ ಹೊಲ ಇರುವವರು ಅಲ್ಲಿಯ ಸರ್ಕಾರದ ಮಹಾಡಿಬಿಟಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಪೂರ್ವಸಮ್ಮತಿ ಬಂದ ಮೇಲೆ ಕೊಳ್ಳಬೇಕು. ಮೊದಲೇ ಕೊಂಡು ಆಮೇಲೆ ಬಿಲ್ ತೋರಿಸಿದರೆ ದುಡ್ಡು ಬರುವುದಿಲ್ಲ. ನಿಮ್ಮ ಓದುಗರಲ್ಲಿ ಇಂಡಿ, ಸಿಂದಗಿ ಕಡೆ ಹೊಲ ಇರುವ ಡ್ರೈವರ್‌ಗಳಿಗೆ ಇಲ್ಲಿಯ ಅರ್ಜಿ ಆಗುವುದಿಲ್ಲ. ಅವರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲೇ ಕೇಳಬೇಕು. ಇದನ್ನು ನೀವೇ ಮುಂಚೆ ಹೇಳಿದರೆ ಆಮೇಲೆ ಜಗಳ ಇರುವುದಿಲ್ಲ.

ಎಷ್ಟು ಬರೆಯಲಿ ಅಂದಿರಿ. ಮನೆ ಬಿಡುವ ಮುಂಚೆ ಗೊತ್ತಿರಬೇಕಾದದ್ದು ಮಾತ್ರ ವಾಟ್ಸಾಪ್‌ನಲ್ಲಿ. ಲಿವರ್, ಗೇರು, ದಿಮ್ಮಿ ಇವೆಲ್ಲ ಹೊಲದಲ್ಲಿ ಬಾಯಿಮಾತಿಗೆ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

"ಐದು ಅಡಿ ರೋಟಾವೇಟರ್ ಡೆಮೊ. ಭಾನುವಾರ ಬೆಳಿಗ್ಗೆ 9ಕ್ಕೆ. ಜಾಗದ ಮ್ಯಾಪ್ ಕೆಳಗಿದೆ.
ನೇಗಿಲು ಹೊಡೆದ ಎರಿ ಹೊಲದಲ್ಲಿ ನಿಮ್ಮ ಕಣ್ಣೆದುರೇ ಹೊಡೆದು, ಅಗೆದು, ಆಳ ಅಳೆದು ತೋರಿಸುತ್ತೇವೆ. ಹದ ಇರುವ ನೆಲದಲ್ಲಿ ಗಂಟೆಗೆ ಮುಕ್ಕಾಲರಿಂದ ಒಂದು ಎಕರೆ. 40ರಿಂದ 45 ಎಚ್‌ಪಿ ಟ್ರಾಕ್ಟರ್‌ಗೆ ಹೊಂದುತ್ತದೆ.
ಬರುವಾಗ ನಿಮ್ಮ ಹೊಲದ ಐದು ಇಂಚು ಕೆಳಗಿನ ಒಂದು ಹಿಡಿ ಮಣ್ಣು ತನ್ನಿ, ನಿಮ್ಮ ಟ್ರಾಕ್ಟರ್‌ನ ಎಚ್‌ಪಿ ತಿಳಿದುಕೊಂಡು ಬನ್ನಿ. ಹದ ಇದೆಯಾ, ಯಾವ ಅಳತೆಯ ಯಂತ್ರ ಸಾಕು, ಅಲ್ಲೇ ಹೇಳುತ್ತೇವೆ.
ಟವೆಲ್, ಶಾಲು, ಜೋತುಬೀಳುವ ಬಟ್ಟೆ ಬೇಡ. ಸೆರಗು, ದೋತರ ಬಿಗಿದು ಕಟ್ಟಿ. ಚಪ್ಪಲಿ ಬದಲು ಬೂಟು ಹಾಕಿ. ಸಣ್ಣ ಮಕ್ಕಳನ್ನು ಕರೆತರಬೇಡಿ. ಯಂತ್ರ ನಿಂತು, ಕೀಲಿ ತೋರಿಸಿದ ಮೇಲೆ ಹತ್ತಿರ ಬಂದು ನೋಡಿ.
ಓಡಿಸಿ ನೋಡುವವರು ಲೈಸೆನ್ಸ್ ತನ್ನಿ.
ಸಬ್ಸಿಡಿಗೆ ಯಾರು ಅರ್ಹರು, ಅರ್ಜಿ ಹೇಗೆ ಅಂತ ತಿಳಿಸುತ್ತೇವೆ. ಮಂಜೂರಾತಿ ಇಲಾಖೆಯದು.
ಮಳೆ ಬಂದು ನೆಲ ಹಸಿಯಾದರೆ ಡೆಮೊ ಮುಂದಕ್ಕೆ ಹೋಗುತ್ತದೆ, ಶನಿವಾರ ಸಂಜೆ ಇಲ್ಲೇ ತಿಳಿಸುತ್ತೇವೆ."

ನಾಲ್ಕು ಸಾಲಿಗಿಂತ ಉದ್ದ ಆಯಿತು ಅಂತ ನಿಮ್ಮ ಶೇಟ್ ಅನ್ನಬಹುದು. ಚಿಕ್ಕದು ಮಾಡಲೇಬೇಕಾದರೆ ಸಬ್ಸಿಡಿ ಸಾಲು ತೆಗೆಯಿರಿ, ಗಂಟೆ ಎಕರೆ ಲೆಕ್ಕ ತೆಗೆಯಿರಿ. ಟವೆಲ್, ಮಕ್ಕಳು, ಕೀಲಿ, ಈ ಮೂರನ್ನು ಮಾತ್ರ ಮುಟ್ಟಬೇಡಿ. ಮರಾಠಿ ಪೋಸ್ಟರ್‌ಗೂ ಇದೇ ಮೂರು ಸೇರಿಸಿ. ಹೊಲದಲ್ಲಿ ಎರಡೂ ಭಾಷೆಯವರು ಒಟ್ಟಿಗೇ ನಿಂತಿರುತ್ತಾರೆ.

ಇನ್ನು ಫೋಟೋ. ಬಹಳ ಡೀಲರ್‌ಗಳು ಹಾಕುವ ಫೋಟೋದಲ್ಲಿ ಯಾರೋ ಒಬ್ಬರು ತಿರುಗುತ್ತಿರುವ ರೋಟಾವೇಟರ್ ಹಿಂದೆ ನಡೆಯುತ್ತಿರುತ್ತಾರೆ, ಇಲ್ಲವೇ ಮಡ್‌ಗಾರ್ಡ್ ಮೇಲೆ ಮೂರು ಜನ ಕೂತಿರುತ್ತಾರೆ. ಕೆಳಗೆ ಏನೇ ಬರೆದರೂ ಜನ ನೆನಪಿಟ್ಟುಕೊಳ್ಳುವುದು ಫೋಟೋವನ್ನೇ. ಶನಿವಾರ ಜೋಡಿಸಿ ನೋಡುವಾಗಲೇ ಬದಿಯಿಂದ ಒಂದು ಫೋಟೋ ತೆಗೆಯಿರಿ. ಸೀಟಿನಲ್ಲಿ ಆಪರೇಟರ್ ಒಬ್ಬನೇ ಇರಲಿ, ಶಾಫ್ಟ್ ಮೇಲಿನ ಕವಚ ಮತ್ತು ಸರಪಳಿ ಸ್ಪಷ್ಟವಾಗಿ ಕಾಣಲಿ, ಹಿಂಬದಿಯ ತಗಡು ಕೆಳಗಿರಲಿ.